ಗಳಗಂಡಕ್ಕೆ ಅಯೋಡಿನ್ ಮಾತ್ರೆ: ಸತ್ಯಾಂಶ

“ಗಳಗಂಡ ಎಷ್ಟೇ ಹಳೆಯದಾಗಿರಲಿ, ಅಯೋಡಿನ್ ಮಾತ್ರೆ ತಗೊಳ್ಳಿ, ಕರಗುತ್ತೆ.”

ಹೀಗೆನ್ನುವ ಸಂದೇಶ ನಿಮಗೂ ಬಂದಿರಬಹುದು. ಹಾಗಾಗುವುದಿಲ್ಲ. ಗಳಗಂಡವೆಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಊತ. ಹಲವು ವರ್ಷಗಳಿಂದಿರುವ ಗಳಗಂಡದಲ್ಲಿ ಕೆಲವು ಗಂಟುಗಳು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯ ಹತೋಟಿ ಮೀರಿರುತ್ತವೆ. ಅಯೋಡಿನ್ ಕಡಿಮೆಯಿದ್ದಷ್ಟು ದಿನ ಅವು ತೆಪ್ಪಗಿರುತ್ತವೆ; ಹೇರಳವಾಗಿ ಸಿಕ್ಕರೆ ಮಿತಿಯಿಲ್ಲದೆ ಥೈರಾಯ್ಡ್ ಹಾರ್ಮೋನ್ ತಯಾರಿಸುತ್ತವೆ. ಇದೇ ಜೋಡ್-ಬೇಸ್‌ಡೋ ಪರಿಣಾಮ.

ಇಪ್ಪತ್ತು ವರ್ಷಗಳಿಂದ ಗಂಟುಗಳಿರುವ, ಅರವತ್ತೈದು ದಾಟಿದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಅಯೋಡಿನ್ ಹೇರಳವಾಗಿರುವ ಕಡಲಪಾಚಿ ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತದೆ, ಊಟ ಸೇರಿದರೂ ತೂಕ ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡನ್ನು ನಿಯಂತ್ರಿಸುವ ಪಿಟ್ಯುಟರಿ ಹಾರ್ಮೋನ್ ಟಿಎಸ್‌ಎಚ್ ತಳ ಮುಟ್ಟಿ, ಥೈರಾಯ್ಡ್ ಹಾರ್ಮೋನ್ ಟಿ4 ಏರಿರುತ್ತದೆ. ಈ ವಯಸ್ಸಿನಲ್ಲಿ ಹೃದಯದ ಲಯವೇ ತಪ್ಪಬಹುದು, ನನಗೆ ಹೆಚ್ಚು ಆತಂಕ ಅದರದ್ದೇ.

ನೀವೇ ಪರಿಶೀಲಿಸಬಹುದು. ವಯಸ್ಕರಿಗೆ ದಿನಕ್ಕೆ ಬೇಕಿರುವುದು ಸುಮಾರು 150 ಮೈಕ್ರೋಗ್ರಾಂ. ಡಬ್ಬಿಯ ಮೇಲಿನ ಅಂಕಿಯನ್ನು ಇದರೊಂದಿಗೆ ಹೋಲಿಸಿ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಸಂದೇಶದಲ್ಲಿ ಪ್ರಮಾಣವಾಗಲಿ, ಯಾರು ತಗೊಳ್ಳಬಾರದೆಂದಾಗಲಿ ಇಲ್ಲದಿದ್ದರೆ ನಂಬಬೇಡಿ.

ಅಯೋಡಿನ್ ಉಪ್ಪು ಬಿಡಬೇಕಿಲ್ಲ. ಗಂಟುಗಳಿದ್ದರೆ ಮಾತ್ರೆಗೆ ಮುನ್ನ ಟಿಎಸ್‌ಎಚ್ ಮಾಡಿಸಿ. ಸಿಟಿ ಸ್ಕ್ಯಾನಿನ ಕಾಂಟ್ರಾಸ್ಟ್ ಔಷಧಿಯಲ್ಲೂ, ಹೃದಯದ ಅಮಿಯೋಡರೋನ್ ಮಾತ್ರೆಯಲ್ಲೂ ಅಯೋಡಿನ್ ಬಹಳ ಇರುತ್ತದೆ. ಅವನ್ನು ನೀವಾಗಿ ನಿರಾಕರಿಸದೆ, ನಿಲ್ಲಿಸದೆ, ಗಂಟುಗಳಿರುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ.