ಟೋಟಲ್ ಸರಿ ಬಂತು, ಅದೇ ತೊಂದರೆ

ಎಕ್ಸ್‌ಪೋರ್ಟ್ ಮಾಲು ಕಳಿಸಿದ ಮಾರನೇ ದಿನ ಬೆಳಿಗ್ಗೆ, ಸಾಗಣೆ ನೋಡಿಕೊಳ್ಳುವ ಫಾರ್ವರ್ಡರ್ ಗೋಡೌನ್‌ನಿಂದ ಫೋನ್ ಬಂತು. "ಮೇಡಂ, ನಿಮ್ಮ ಪ್ಯಾಕಿಂಗ್ ಲಿಸ್ಟ್‌ನಲ್ಲಿ 119 ಕಾರ್ಟನ್ ಅಂತಿದೆ. ನಾವು ಎರಡು ಸಲ ಎಣಿಸಿದ್ವಿ, 120 ಬರ್ತಿದೆ. ಒಂದು ಜಾಸ್ತಿ ಬಂದಿದೆಯಾ?"

ನನಗೆ ಮೊದಲು ಬಂದದ್ದು ಸಿಟ್ಟು. ಯಾಕೆಂದರೆ ಹಿಂದಿನ ಸಂಜೆ ಆ ಲಿಸ್ಟನ್ನು ನಾನೇ ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿಸಿದ್ದೆ. ಕಾರ್ಟನ್ 119, ಗ್ರಾಸ್ ವೇಟ್ 1671.8 ಕೆಜಿ, ಸಿಬಿಎಂ ಅಂದರೆ ಘನ ಮೀಟರ್ ಲೆಕ್ಕದಲ್ಲಿ ಮಾಲು ಹಿಡಿಯುವ ಜಾಗ 9.202. ಮೂರೂ ಕಾಲಂ ಕೆಳಗೆ ಬರೆದ ಟೋಟಲ್‌ಗೆ ಸರಿಯಾಗಿ ಕೂತಿದ್ದವು. ಆದರೂ ಮೂರೂ ತಪ್ಪು.

ಲಿಸ್ಟ್ ದೊಡ್ಡದೇನಲ್ಲ, ನಾಲ್ಕೇ ಸಾಲು. ಕಾರ್ಟನ್ ನಂಬರ್ 1ರಿಂದ 48, ಆಮೇಲೆ 49ರಿಂದ 86, 87ರಿಂದ 119, ಕೊನೆಗೆ 120 ಒಂದೇ. ಎರಡನೇ ಸಾಲು ನೋಡಿ. 49ರಿಂದ 86ರವರೆಗೆ ಎಷ್ಟು ಕಾರ್ಟನ್? ಲಿಸ್ಟ್ ಮಾಡಿದವರು 86ರಲ್ಲಿ 49 ಕಳೆದು 37 ಅಂತ ಹಾಕಿದ್ದರು. ನಿಜವಾಗಿ 38. ಮೊದಲ ನಂಬರಿನ ಕಾರ್ಟನ್ ಕೂಡ ಲೆಕ್ಕಕ್ಕೆ ಸೇರಬೇಕು, ಅಲ್ವಾ? ಕಳೆದ ಮೇಲೆ ಒಂದು ಕೂಡಿಸಬೇಕು. ಇದು ಎಲ್ಲರಿಗೂ ಗೊತ್ತು, ಅವಸರದಲ್ಲಿ ಎಲ್ಲರೂ ಮರೆಯುತ್ತಾರೆ.

ಇಲ್ಲಿ ಮಜಾ ಏನೆಂದರೆ, ಆ 37 ಒಂದು ಸಲ ಕೂತ ಮೇಲೆ ಉಳಿದದ್ದೆಲ್ಲ ಅದನ್ನೇ ನಂಬಿಕೊಂಡು ಹೋಯಿತು. ಆ ಸಾಲಿನ ಒಂದು ಕಾರ್ಟನ್ 11.6 ಕೆಜಿ. ಶೀಟ್ 37ರಿಂದ ಗುಣಿಸಿತು. ಸಿಬಿಎಂ ಕೂಡ 37ರಿಂದಲೇ ಗುಣಿಸಿತು. ಹಾಗಾಗಿ ತಪ್ಪು ಮೂರು ಕಾಲಂಗೂ ಒಂದೇ ಸಮನಾಗಿ ಹರಡಿತು, ಒಂದರ ಜೊತೆ ಒಂದು ಜಗಳ ಆಡಲೇ ಇಲ್ಲ. ನಾನು ಮೇಲಿನಿಂದ ಕೆಳಕ್ಕೆ ಕೂಡಿಸಿದ್ದು ಕಂಪ್ಯೂಟರ್ ಆಗಲೇ ಮಾಡಿದ್ದ ಕೆಲಸ. ಅದನ್ನು ಪರಿಶೀಲನೆ ಅಂತ ಕರೆಯುವುದೇ ತಪ್ಪು ಅಂತ ಈಗ ನನ್ನ ಅಭಿಪ್ರಾಯ.

ನೋಡಬೇಕಿದ್ದದ್ದು ಅಡ್ಡಕ್ಕೆ. ಕೊನೆಯ ಕಾರ್ಟನ್ ನಂಬರ್ 120, ಟೋಟಲ್ 119. ನಂಬರ್ 1ರಿಂದ ಶುರುವಾಗಿ ನಡುವೆ ಬಿಡದೆ ಹೋಗಿದ್ದರೆ ಇವೆರಡೂ ಒಂದೇ ಇರಬೇಕು. ಐದು ಸೆಕೆಂಡಿನ ಕೆಲಸ, ನಾನು ಮಾಡಿರಲಿಲ್ಲ. ಪೀಸ್ ಕಾಲಂ ಕೂಡ ಕೂಗಿ ಹೇಳುತ್ತಿತ್ತು. ಅದನ್ನು ಇನ್ವಾಯ್ಸ್‌ನಿಂದ ಕಾಪಿ ಮಾಡಿದ್ದರಿಂದ ಎರಡನೇ ಸಾಲಿನಲ್ಲಿ 912 ಅಂತ ಸರಿಯಾಗಿಯೇ ಇತ್ತು. ಕಾರ್ಟನ್‌ಗೆ 24 ಪೀಸ್. 24ನ್ನು 37ರಿಂದ ಗುಣಿಸಿದರೆ 888. ಉಳಿದ 24 ಪೀಸ್ ಎಲ್ಲಿ ಕೂತಿವೆ? ಆ ಲೆಕ್ಕಕ್ಕೆ ಬಾರದ ಕಾರ್ಟನ್‌ನಲ್ಲಿ.

ಸರಿ, 119ನ್ನು 120 ಮಾಡಿ 11.6 ಕೆಜಿ ಸೇರಿಸಿದರೆ 1683.4 ಆಗಬೇಕು. ಗೋಡೌನ್‌ನವರು ತೂಕ ಹಾಕಿದರೆ 1676 ಚಿಲ್ಲರೆ. ಏಳು ಕೆಜಿಗೂ ಜಾಸ್ತಿ ವ್ಯತ್ಯಾಸ. ಅಂದರೆ ಇನ್ನೊಂದು ತಪ್ಪು ಒಳಗೆ ಅಡಗಿ ಕೂತಿತ್ತು.

ಅದು ಸಿಕ್ಕಿದ್ದು 120ನೇ ಕಾರ್ಟನ್‌ನಲ್ಲಿ. ಉಳಿದ ಪೀಸ್‌ಗಳನ್ನು ತುಂಬಿದ ಅರೆಬರೆ ಕಾರ್ಟನ್ ಅದು. ನೆಟ್ ವೇಟ್ 8.0 ಅಂತ ಟೈಪ್ ಮಾಡಿದ್ದರು, ಗ್ರಾಸ್ ಮಾತ್ರ ಮೇಲಿನ ಸಾಲಿನಿಂದ ಎಳೆದುಬಿಟ್ಟಿದ್ದರು: 16.5. ಹಾಗಾದರೆ ಖಾಲಿ ಬಾಕ್ಸ್ ಮತ್ತು ಟೇಪ್ ಸೇರಿ ಎಂಟೂವರೆ ಕೆಜಿ! ಮೊದಲ ಸಾಲಿನಲ್ಲೂ ಇದೇ ಅಳತೆಯ ಬಾಕ್ಸ್ ಬಳಸಿದ್ದಾರೆ. ಅಲ್ಲಿ ಗ್ರಾಸ್ 14.2, ನೆಟ್ 13.1, ಬಾಕ್ಸ್ ತೂಕ 1.1 ಕೆಜಿ. ಹಾಗಾಗಿ 120ನೆಯದರ ಗ್ರಾಸ್ 9.1 ಇರಬೇಕು. 7.4 ಕೆಜಿ ಕಳೆಯಿರಿ, 1676.0. ಗೋಡೌನ್ ತೂಕಕ್ಕೆ ಹೊಂದಿತು.

ಈಗ ಎರಡೂ ತಪ್ಪನ್ನು ಒಟ್ಟಿಗೆ ನೋಡಿ. ಒಂದು 11.6 ಕಡಿಮೆ ಮಾಡಿತು, ಇನ್ನೊಂದು 7.4 ಜಾಸ್ತಿ ಮಾಡಿತು. ಹೊರಗೆ ಕಂಡದ್ದು ಬರೀ 4.2 ಕೆಜಿ. ಕಾರ್ಟನ್ ಎಣಿಸದೆ ತೂಕ ಮಾತ್ರ ಹಾಕಿದ್ದರೆ "ತಕ್ಕಡಿ ವ್ಯತ್ಯಾಸ ಬಿಡಿ" ಅಂತ ಎಲ್ಲರೂ ಸುಮ್ನಾಗುತ್ತಿದ್ದೆವು. ಅದಕ್ಕೇ ಈಗ ಪ್ರತಿ ಸಾಲಿನಲ್ಲೂ ಗ್ರಾಸ್‌ನಿಂದ ನೆಟ್ ಕಳೆದು ನೋಡುತ್ತೇನೆ. ಒಂದೇ ಬಾಕ್ಸ್‌ಗೆ ಉತ್ತರ ಬೇರೆ ಬೇರೆ ಬಂದರೆ ಅಲ್ಲೇ ನಿಲ್ಲುತ್ತೇನೆ.

ಸಿಬಿಎಂ ಕಥೆ ಇನ್ನೂ ನಯವಾದದ್ದು. ಎರಡನೇ ಸಾಲಿನ ಬಾಕ್ಸ್ 52×38×33 ಸೆಂಮೀ, ಅಂದರೆ 0.065208 ಸಿಬಿಎಂ. ಕೆಲವರು ಇದನ್ನು 0.07 ಮಾಡಿ ಆಮೇಲೆ ಗುಣಿಸುತ್ತಾರೆ. 38 ಕಾರ್ಟನ್‌ಗೆ 2.66 ಬರುತ್ತದೆ, ನಿಜವಾದದ್ದು 2.478. ಮೊದಲ ಸಾಲಿನ 60×40×35 ಬಾಕ್ಸ್ 0.084. ಅದನ್ನು 0.08 ಮಾಡಿದರೆ 48 ಕಾರ್ಟನ್‌ಗೆ 4.032 ಬದಲು 3.84. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಟೋಟಲ್ ನೋಡಿದರೆ ಅನುಮಾನವೇ ಬರುವುದಿಲ್ಲ! ಒಂದು ಕಾರ್ಟನ್‌ನ ಸಿಬಿಎಂ ಅನ್ನು ಮುಟ್ಟದೆ ಸಾಲಿನ ಟೋಟಲ್‌ನಲ್ಲಿ ಮಾತ್ರ ಮೂರು ದಶಮಾಂಶಕ್ಕೆ ತಂದರೆ ಈ ಗೊಂದಲ ಇರುವುದಿಲ್ಲ. A ಮತ್ತು B ಕಾಲಂನಲ್ಲಿ ಕಾರ್ಟನ್ ನಂಬರ್, C ಯಲ್ಲಿ ಎಣಿಕೆ, G, H, I ನಲ್ಲಿ ಸೆಂಮೀ ಅಳತೆ ಇದ್ದರೆ C ಗೆ ಮೊದಲನೆಯದು, ಸಿಬಿಎಂಗೆ ಎರಡನೆಯದು:

```
=B5-A5+1
=ROUND(G5*H5*I5/1000000*C5,3)
```

ಇಷ್ಟು ಮಾಡಿದಾಗ ನಮ್ಮ ಲಿಸ್ಟ್‌ನ ಸರಿಯಾದ ಸಿಬಿಎಂ 9.267 ಬಂತು.

ಇನ್ನೊಂದು ಸಣ್ಣ ಉಪಾಯ. ಒಂದು ಕಾರ್ಟನ್‌ನ ಗ್ರಾಸ್ ವೇಟನ್ನು ಅದರ ಸಿಬಿಎಂನಿಂದ ಭಾಗಿಸಿ. ನಮ್ಮ ಮೊದಲ ಸಾಲಿಗೆ ಸುಮಾರು 169 ಕೆಜಿ ಬರುತ್ತದೆ. ಯಾರಾದರೂ ಇದೇ ಬಾಕ್ಸನ್ನು ಇಂಚಿನಲ್ಲಿ ಅಳೆದು 24×16×14 ಅಂತ ಸೆಂಮೀ ಕಾಲಂನಲ್ಲಿ ಹಾಕಿದರೆ ಉತ್ತರ 2,600 ದಾಟುತ್ತದೆ. ಅಂದರೆ ಬಾಕ್ಸ್ ತುಂಬಾ ಗ್ರಾನೈಟ್ ಕಲ್ಲು. ಆದರೆ ಈ ಉಪಾಯ 120ನೇ ಕಾರ್ಟನ್‌ನ ತಪ್ಪನ್ನು ಹಿಡಿಯುತ್ತಿರಲಿಲ್ಲ. ಅಲ್ಲಿ 196 ಬರುತ್ತದೆ, ನೋಡೋಕೆ ಸಾಧಾರಣವಾಗಿಯೇ ಇದೆ.

"ಬ್ಯಾಂಕ್‌ನವರು ನೋಡ್ತಾರೆ ಬಿಡಿ" ಅನ್ನುವವರಿಗೆ ಒಂದು ಮಾತು. ಎಲ್‌ಸಿ, ಅಂದರೆ ಡಾಕ್ಯುಮೆಂಟ್ ನೋಡಿ ಬ್ಯಾಂಕ್ ದುಡ್ಡು ಕೊಡುವ ಲೆಟರ್ ಆಫ್ ಕ್ರೆಡಿಟ್, ಇದ್ದಾಗ ಬ್ಯಾಂಕ್ ನಿಮ್ಮ ಒಳಗಿನ ಲೆಕ್ಕವನ್ನು ಬಿಡಿಬಿಡಿಯಾಗಿ ಕೂಡಿಸುವುದಿಲ್ಲ. ಟೋಟಲ್‌ಗಳು ಎಲ್‌ಸಿ ಮತ್ತು ಬೇರೆ ಡಾಕ್ಯುಮೆಂಟ್‌ಗಳಿಗೆ ವಿರುದ್ಧ ಹೋಗುತ್ತವೆಯೇ ಅಂತ ಮಾತ್ರ ನೋಡುತ್ತದೆ. ಎಲ್ಲ ಕಡೆ ನಾವೇ 119 ಅಂತ ಬರೆದರೆ ಎಲ್ಲವೂ ಹೊಂದುತ್ತದೆ. ಹೊಂದದೇ ಇರುವುದು ಮಾಲು ಮಾತ್ರ. ಕಸ್ಟಮ್ಸ್‌ನವರು ಎಣಿಸಿದರೆ ಆ ಹೆಚ್ಚುವರಿ ಕಾರ್ಟನ್ ಘೋಷಿಸದ ಸರಕು ಆಗಿಬಿಡುತ್ತದೆ.

ಪೇಪರ್ ಮೇಲೆ ಹಿಡಿಯಲಾಗದ್ದೂ ಒಂದಿದೆ. ತುಂಬಿದ ಮೇಲೆ ಬಾಕ್ಸ್ ಉಬ್ಬುತ್ತದೆ. ನಮ್ಮ 35 ಸೆಂಮೀ ಎತ್ತರ 37 ಆಯಿತು ಅಂದುಕೊಳ್ಳಿ. 48 ಕಾರ್ಟನ್‌ಗೆ 0.23 ಸಿಬಿಎಂ ಜಾಸ್ತಿ. ಬೇರೆಯವರ ಮಾಲಿನ ಜೊತೆ ಕಂಟೇನರ್ ಹಂಚಿಕೊಳ್ಳುವ ಎಲ್‌ಸಿಎಲ್‌ನಲ್ಲಿ ಸಾಮಾನ್ಯವಾಗಿ ಒಂದು ಸಿಬಿಎಂ ಅಥವಾ ಒಂದು ಟನ್, ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ನಮ್ಮ ಮಾಲು ಒಂಬತ್ತು ಸಿಬಿಎಂ, ತೂಕ ಎರಡು ಟನ್ ಕೂಡ ಇಲ್ಲ. ಹಾಗಾಗಿ ಉಬ್ಬಿದ್ದಕ್ಕೂ ದುಡ್ಡು ಕೊಡಬೇಕು, ಗೋಡೌನ್‌ನವರು ಟೇಪ್ ಹಿಡಿಯುವುದು ಉಬ್ಬಿದ ಜಾಗಕ್ಕೇ.

ಆ ದಿನ ಮಧ್ಯಾಹ್ನ ಲಿಸ್ಟ್ ತಿದ್ದಿ ಕಳಿಸಿದ ಮೇಲೆ ಗೋಡೌನ್‌ನವರು ಮತ್ತೆ ಫೋನ್ ಮಾಡಿದರು. "ಕಾರ್ಟನ್ ಸರಿ ಆಯ್ತು ಮೇಡಂ, ತೂಕನೂ ಸರಿ. ಆದ್ರೆ ಸಿಬಿಎಂ ನಮ್ಮ ಲೆಕ್ಕಕ್ಕೆ 9.5 ಬಂದಿದೆ." ಈ ಸಲ ನಾನು ಶೀಟ್ ತೆಗೆಯಲಿಲ್ಲ. ಪ್ಯಾಕಿಂಗ್ ಸೆಕ್ಷನ್‌ಗೆ ಹೋಗಿ, ಅದೇ ಅಳತೆಯ ತುಂಬಿದ ಒಂದು ಬಾಕ್ಸ್‌ಗೆ ಟೇಪ್ ಹಿಡಿದೆ. 37.