ಹಿಂದಿನವರನ್ನು ತೋರಿಸುವ ಖರ್ಚು

ಕಾರ್ ರೇಸಿಂಗ್ ಆಟದಲ್ಲಿ ಅತ್ಯಂತ ದುಬಾರಿ ವಸ್ತು ಯಾವುದೆಂದು ಕೇಳಿದರೆ ಹುಡುಗರು ಫೆರಾರಿ ಎನ್ನುತ್ತಾರೆ. ನಾನು ಅದರ ಕನ್ನಡಿ ಎನ್ನುತ್ತೇನೆ. ನಿಜವಾದ ಕಾರಿನ ಕನ್ನಡಿಯದು ಪುಕ್ಕಟೆ ಸೇವೆ. ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸಿದರೆ ಅದರ ಕೆಲಸ ಮುಗಿಯಿತು. ಆಟದ ಕನ್ನಡಿ ಸಾಮಾನ್ಯವಾಗಿ ಹಿಮ್ಮುಖವಾಗಿ ಕೂರಿಸಿದ ಇನ್ನೊಂದು ಕ್ಯಾಮೆರಾ. ಮುಂದಿನ ರಸ್ತೆಯನ್ನು ಚಿತ್ರಿಸುವುದರಲ್ಲೇ ಏದುಸಿರು ಬಿಡುತ್ತಿರುವ ಯಂತ್ರ, ಹಿಂದಿನ ರಸ್ತೆ, ಮರ, ಪ್ರೇಕ್ಷಕರ ಗ್ಯಾಲರಿ, ಅಟ್ಟಿಸಿಕೊಂಡು ಬರುವ ಕಾರುಗಳು, ಎಲ್ಲವನ್ನೂ ಬೇರೆಯಾಗಿ ಚಿತ್ರಿಸಬೇಕು. ಅದೂ ಅಂಗೈಯಷ್ಟು ಜಾಗಕ್ಕಾಗಿ.

ಯಂತ್ರಕ್ಕೆ ಇರುವ ಸಮಯವಾದರೂ ಎಷ್ಟು? ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಕಾರು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗಿರುತ್ತದೆ. 60 ಹರ್ಟ್ಸ್‌ನ ಮಾನಿಟರಿನಲ್ಲಿ, ಫ್ರೇಮುಗಳನ್ನು ಮಾನಿಟರಿನ ಲಯಕ್ಕೆ ಕಟ್ಟುವ ವಿ-ಸಿಂಕ್ ಹಾಕಿದ್ದಾಗ ಒಂದು ಫ್ರೇಮ್ ಚೂರು ತಡವಾದರೂ ಅದು ಮುಂದಿನ ಸರದಿಗೆ ಕಾಯಬೇಕು. ಕಣ್ಣೆದುರಿನ ರಸ್ತೆ ಎರಡು ಮೀಟರಿಗೂ ಹೆಚ್ಚು ಜಿಗಿಯುತ್ತದೆ. ಬ್ರೇಕ್ ಒತ್ತಬೇಕಾದ ಜಾಗವನ್ನು ಕಣ್ಣಳತೆಯಲ್ಲಿ ಹಿಡಿಯುವವನಿಗೆ ಈ ಜಿಗಿತವೇ ಶತ್ರು. ಒಮ್ಮೆ 90, ಒಮ್ಮೆ 50 ಎಂದು ಕುಣಿಯುವ ಸಂಖ್ಯೆಗಿಂತ 60ಕ್ಕೆ ಕಟ್ಟಿಹಾಕಿದ ಸಂಖ್ಯೆ ಎಷ್ಟೋ ವಾಸಿ.

ನನ್ನ ಅಕ್ಕನ ಮಗ ‘ಅಸೆಟ್ಟೊ ಕೊರ್ಸಾ ಕಾಂಪಿಟಿಝಿಯೋನೆ’ ಆಡುತ್ತಾನೆ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಒಬ್ಬನೇ ಓಡಿಸಿ, ಫ್ರೇಮ್ 80 ದಾಟಿದ್ದನ್ನು ಕಂಡು, ಎಲ್ಲ ಸೆಟ್ಟಿಂಗನ್ನೂ ಮೇಲಕ್ಕೇರಿಸಿದ್ದ. ಮಳೆಯಲ್ಲಿ ಮೂವತ್ತು ಕಾರುಗಳ ರೇಸ್ ಆರಂಭವಾಗಿ ಮೊದಲ ತಿರುವಾದ ಲಾ ಸೋರ್ಸ್‌ನಲ್ಲಿ ಎಲ್ಲರೂ ಒತ್ತೊತ್ತಾಗಿ ಬ್ರೇಕ್ ಹಾಕಿದಾಗ ಅದು 45ಕ್ಕೆ ಇಳಿಯಿತು. ಖಾಲಿ ಟ್ರ್ಯಾಕಿನ ಸಂಖ್ಯೆಯನ್ನು ನಂಬುವಂತಿಲ್ಲ. ಪರೀಕ್ಷೆಗೆ ಮಳೆ ಬೇಕು, ಸಾಲಿನ ನಟ್ಟನಡುವೆ ನಿಲ್ಲಬೇಕು. ಕೊನೆಯಲ್ಲಿ ನಿಂತರೆ ಕನ್ನಡಿ ಖಾಲಿ, ಮೊದಲು ನಿಂತರೆ ಗಾಜು ಖಾಲಿ.

“ಮಾಮ, ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೇನೋ” ಎಂದ. ಅವನ ಅಪ್ಪನ ಕಡೆಗೂ ಒಂದು ಕಣ್ಣಿತ್ತು. ಮೊದಲು ರೆಸಲ್ಯೂಶನ್ ಇಳಿಸಿ ನೋಡು ಎಂದೆ. ಫ್ರೇಮ್ ಏರಿದರೆ ಕಾರ್ಡಿಗೆ ಹೊರೆ ಹೆಚ್ಚಾಗಿತ್ತೆಂದು ಅರ್ಥ. ಏರದಿದ್ದರೆ ಪ್ರೊಸೆಸರ್ ಸುಸ್ತಾಗಿದೆ. ಚಿತ್ರ ಮಸುಕಾಯಿತು, ಸಂಖ್ಯೆ ಅಲ್ಲಾಡಲಿಲ್ಲ. ಕಾರ್ಡಿನ ಆಸೆ ಅಲ್ಲಿಗೆ ಮುಗಿಯಿತು.

ಕನ್ನಡಿಯ ಸೆಟ್ಟಿಂಗುಗಳಲ್ಲಿ ಎರಡು ಮುಖ್ಯ, ಜನ ಕೈ ಹಾಕುವುದು ಹೆಚ್ಚಾಗಿ ತಪ್ಪಾದುದಕ್ಕೆ. ಕನ್ನಡಿಯ ರೆಸಲ್ಯೂಶನ್ ತಗ್ಗಿಸಿದರೆ ಕಾರ್ಡಿಗೆ ಉಸಿರು, ಪ್ರೊಸೆಸರಿಗೆ ಏನೂ ಇಲ್ಲ. ಚಿತ್ರ ಚಿಕ್ಕದಾದರೂ ಅದರೊಳಗಿನ ಮರಗಳನ್ನೂ ಕಾರುಗಳನ್ನೂ ಒಂದೊಂದಾಗಿ ಕಾರ್ಡಿಗೆ ಒಪ್ಪಿಸುವ ಕೆಲಸ ಪ್ರೊಸೆಸರಿನದೇ. ಎಷ್ಟು ದೂರದವರೆಗೆ ಕಾಣಬೇಕೆಂಬುದನ್ನು ಕತ್ತರಿಸಿದಾಗ ಆ ಪಟ್ಟಿಯೇ ಚಿಕ್ಕದಾಗುತ್ತದೆ. ಇನ್ನೂರು ಮೀಟರ್ ಹಿಂದಿರುವವನು ನನಗೇನೂ ಮಾಡಲಾರ. ಬಾಗಿಲಿಗೆ ಮೂತಿ ತೂರಿಸಿದವನು ಕಂಡರೆ ಸಾಕು. ಕಾಣುವ ಕಾರುಗಳ ಸಂಖ್ಯೆಯನ್ನೂ ಇಳಿಸಿದೆವು. ಇದರಲ್ಲೊಂದು ಕೊಕ್ಕೆಯಿದೆ. ಕಂಪ್ಯೂಟರೇ ಓಡಿಸುವ ಎದುರಾಳಿಗಳು ಕಾಣದಿದ್ದರೂ ಓಡುತ್ತಲೇ ಇರುತ್ತಾರೆ, ಅವರ ಚಾಲನೆಯ ಲೆಕ್ಕವನ್ನು ಪ್ರೊಸೆಸರ್ ಮಾಡುತ್ತಲೇ ಇರುತ್ತದೆ. ಆ ಹೊರೆ ಇಳಿಯಬೇಕಾದರೆ ಎದುರಾಳಿಗಳನ್ನೇ ಕಡಿಮೆ ಮಾಡಬೇಕು. ಮೂವತ್ತು ಇಪ್ಪತ್ತೆರಡಾಯಿತು, ಲಾ ಸೋರ್ಸ್‌ನಲ್ಲಿ 60 ನಿಂತಿತು. ಮುಂದಿನ ದೃಶ್ಯದ ದೂರವನ್ನು ಮಾತ್ರ ಮುಟ್ಟಬೇಡ ಎಂದಿದ್ದೆ. ಸ್ಪಾದ ಕೆಮ್ಮೆಲ್ ಎಂಬ ನೇರ ರಸ್ತೆಯ ತುದಿಯಲ್ಲಿ ದೂರ ತೋರಿಸುವ ಫಲಕ ತಡವಾಗಿ ಮೂಡಿದರೆ ಬ್ರೇಕೂ ತಡವಾಗುತ್ತದೆ.

ವಿಮಾನದ ಆಟದಲ್ಲಿ ನನ್ನ ಪಕ್ಷಪಾತ ತಿರುಗುಮುರುಗು. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ನೆಲ ನಿಧಾನವಾಗಿ ಸರಿಯುತ್ತದೆ. ಸ್ಥಿರವಾದ 30 ಧಾರಾಳವಾಯಿತು. ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಈ ರೋಗಪರೀಕ್ಷೆಯನ್ನು ತಾನೇ ಮಾಡಿಕೊಡುತ್ತದೆ. ಡೆವಲಪರ್ ಮೋಡಿನ ಫ್ರೇಮ್ ಫಲಕದಲ್ಲಿ Limited by MainThread ಎಂದು ಬಂದರೆ ಸುಸ್ತಾಗಿರುವುದು ಪ್ರೊಸೆಸರ್, ಮೋಡಗಳ ಅಂದ ಕೆಡಿಸಿ ಪ್ರಯೋಜನವಿಲ್ಲ. ನೆಲದ ವಿವರಗಳನ್ನು ನಿರ್ಧರಿಸುವ Terrain Level of Detail ಇಳಿಸಬೇಕು, ನಿಲ್ದಾಣದಲ್ಲಿ ನಿಂತ ವಿಮಾನಗಳನ್ನೂ ರಸ್ತೆಯ ವಾಹನಗಳನ್ನೂ ಕಡಿಮೆ ಮಾಡಬೇಕು. ಮಂಗಳೂರಿಗೆ ಇಳಿಯುವಾಗ ನನಗೆ ಬೇಕಾದದ್ದು ಗುಡ್ಡದ ನೆತ್ತಿಯ ಆ ರನ್‌ವೇ ಮತ್ತು ಅದರಾಚೆಯ ಇಳಿಜಾರು. ಕೆಳಗಿನ ಹೆದ್ದಾರಿಯಲ್ಲಿ ಬಸ್ಸು ಓಡದಿದ್ದರೆ ದೂರು ಕೊಡುವವರಿಲ್ಲ.

ಕಾಕ್‌ಪಿಟ್ಟಿನ ಪರದೆಗಳ ವಿಷಯದಲ್ಲಿ ಮಾತ್ರ ನಾನು ಜಿಪುಣನಲ್ಲ. Glass Cockpit Refresh Rate ತಗ್ಗಿಸಿದರೆ ಕೆಲವು ಫ್ರೇಮ್ ಉಳಿಯುವುದು ನಿಜ. ಆದರೆ ಎತ್ತರ, ವೇಗಗಳ ಪಟ್ಟಿ ಕುಂಟುತ್ತಾ ಬದಲಾಗುತ್ತದೆ, ಮೋಡದೊಳಗೆ ಹಾರುವವನು ನೋಡುವುದೇ ಅದನ್ನು. ಹೀಗಾಗಿ ಅದನ್ನು ಮಧ್ಯಮದಲ್ಲಿಟ್ಟು, ಕೊರತೆಯಾದರೆ ಇನ್ನೊಂದಿಷ್ಟು ಬಸ್ಸು ರದ್ದು ಮಾಡುತ್ತೇನೆ.