ರಜೆಗೆ ಪುರಾವೆ ಕೇಳಲಿ, ಡಿಸ್ಚಾರ್ಜ್ ಸಮ್ಮರಿ ಯಾಕೆ?

ಖಾಸಗಿ ಕಂಪನಿಗಳ ಎಚ್‌ಆರ್‌ನವರಿಗೆ ಒಂದು ಅಭ್ಯಾಸವಿದೆ. ನಾಲ್ಕು ದಿನ ಹುಷಾರಿಲ್ಲ ಅಂದರೂ ಸಾಕು, "ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟು, ಬಿಲ್ಲು ಎಲ್ಲಾ ಅಪ್‌ಲೋಡ್ ಮಾಡಿ" ಅಂತ ಮೇಲ್ ಬರುತ್ತೆ. ನಾವೂ ಹಿಂದೆಮುಂದೆ ನೋಡದೆ ಕಳಿಸಿಬಿಡ್ತೀವಿ. ಪುರಾವೆ ಕೇಳುವುದು ತಪ್ಪಲ್ಲ. ಆದರೆ ಅವರಿಗೆ ಬೇಕಾಗಿರುವುದು ನೀವು ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇರಲಿಲ್ಲ ಅನ್ನುವುದಕ್ಕೆ ಪುರಾವೆ, ಕಾಯಿಲೆಯ ಜಾತಕ ಅಲ್ಲ.

ಗಳಿಕೆ ರಜೆಗೆ ಕಾರಣವನ್ನೇ ಸಾಬೀತು ಮಾಡಬೇಕಿಲ್ಲ. ಕೆಲಸದ ಒತ್ತಡವಿದೆ ಅಂತ ದಿನಾಂಕ ಮುಂದೂಡಬಹುದು, ಆದರೆ "ಮದುವೆ ಕಾರ್ಡ್ ತೋರಿಸಿ" ಅನ್ನುವುದಕ್ಕೆ ಅರ್ಥವಿಲ್ಲ. ರಾಜ್ಯ ಸರ್ಕಾರ 2025ರಲ್ಲಿ ತಂದ ತಿಂಗಳಿಗೊಂದು ದಿನದ ಮುಟ್ಟಿನ ರಜೆಗೂ ವೈದ್ಯರ ಚೀಟಿ ಬೇಡ ಅಂತ ಆದೇಶದಲ್ಲೇ ಇದೆ (ಆ ಆದೇಶ ಹೈಕೋರ್ಟ್ ಮೆಟ್ಟಿಲೇರಿದೆ, ಅದು ಬೇರೆ ಮಾತು). ಲೈಂಗಿಕ ಕಿರುಕುಳದ ದೂರು ಕೊಟ್ಟವರಿಗೆ ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಸಿಗಬಹುದು. ಅಲ್ಲಿ ಆಂತರಿಕ ಸಮಿತಿಯ ಶಿಫಾರಸೇ ಆಧಾರ, ವೈದ್ಯರ ಪತ್ರ ಅಲ್ಲ. ಪುರಾವೆ ಕೇಳಲು ನ್ಯಾಯವಾದ ಜಾಗಗಳು ಅಂದರೆ ಅನಾರೋಗ್ಯ ರಜೆ, ಹೆರಿಗೆ, ಗರ್ಭಪಾತ, ಮತ್ತೆ ಹೆರಿಗೆಯಿಂದ ಬಂದ ಕಾಯಿಲೆ. ಇವುಗಳಲ್ಲಿ ಅತಿ ಹೆಚ್ಚು ವಿಷಯ ಸೋರಿಹೋಗುವುದು ಗರ್ಭಪಾತದ ರಜೆಯಲ್ಲಿ.

ಕಾನೂನು ಇಲ್ಲಿ ಸ್ಪಷ್ಟ. ತಾನಾಗೇ ಗರ್ಭ ಹೋದರೂ, ವೈದ್ಯರಿಂದ ಕಾನೂನುಬದ್ಧವಾಗಿ ತೆಗೆಸಿಕೊಂಡರೂ, ಪುರಾವೆ ಕೊಟ್ಟರೆ ಆರು ವಾರಗಳ ಸಂಬಳ ಸಹಿತ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಭಾಗವಾಗಿದೆ. ಎರಡಕ್ಕೂ ರಜೆ ಒಂದೇ ಆದಮೇಲೆ, ಆಗಿದ್ದು ಯಾವುದು ಅಂತ ಎಚ್‌ಆರ್‌ಗೆ ತಿಳಿಯಬೇಕಾದ ಅಗತ್ಯವೇ ಇಲ್ಲ.

ಮಾರ್ಚ್ 3ರಂದು ಹೀಗಾಯಿತು ಅಂದುಕೊಳ್ಳಿ. ರಜೆ ಮರುದಿನದಿಂದ ಶುರು, ಮಾರ್ಚ್ 4ರಿಂದ ಏಪ್ರಿಲ್ 14ರವರೆಗೆ 42 ದಿನ. ಡಿಸ್ಚಾರ್ಜ್ ಸಮ್ಮರಿ ಕೊಟ್ಟರೆ ಅದರಲ್ಲಿ ಹಿಂದಿನ ಗರ್ಭಗಳ ಲೆಕ್ಕ, ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಗಂಡನ ಹೆಸರು, ಕೊಟ್ಟ ಮಾತ್ರೆ, ಎಲ್ಲವೂ ಇರಬಹುದು. ಎಚ್‌ಐವಿ ಸ್ಥಿತಿ ಹೇಳು ಅಂತ ಯಾರನ್ನೂ ಒತ್ತಾಯಿಸುವ ಹಾಗಿಲ್ಲ ಅಂತ 2017ರ ಕಾಯ್ದೆ ಹೇಳುತ್ತೆ. ನಾವಾಗೇ ಪಿಡಿಎಫ್‌ನಲ್ಲಿ ಕಳಿಸಿದರೆ ಏನು ಮಾಡುವುದು? ಅದರ ಬದಲು ವೈದ್ಯರ ಹತ್ತಿರ ಬೇರೆ ಸರ್ಟಿಫಿಕೇಟ್ ಬರೆಸಿಕೊಳ್ಳಿ: "ಇವರಿಗೆ ಮಾರ್ಚ್ 3ರಂದು ಗರ್ಭಸ್ರಾವ/ವೈದ್ಯಕೀಯ ಗರ್ಭಪಾತವಾಗಿದ್ದು, ಕಾನೂನಿನಲ್ಲಿರುವ ಆರು ವಾರಗಳ ರಜೆಗೆ ಮಾರ್ಚ್ 4ರಿಂದ ಏಪ್ರಿಲ್ 14ರವರೆಗೆ ವಿಶ್ರಾಂತಿ ಅಗತ್ಯ." ಆ ಓರೆಗೆರೆಯ ಆಚೀಚೆ ಇರುವ ಎರಡರಲ್ಲಿ ಒಂದನ್ನು ಹೊಡೆದುಹಾಕದೆ ಎರಡನ್ನೂ ಹಾಗೇ ಬಿಡಲು ಹೇಳಿ. ಆಮೇಲೆ ಅದರಿಂದಲೇ ಕಾಯಿಲೆ ಮುಂದುವರಿದರೆ ಇನ್ನೊಂದು ತಿಂಗಳವರೆಗೆ ರಜೆ ಇದೆ, ಅದಕ್ಕೆ ಹೊಸ ಸರ್ಟಿಫಿಕೇಟ್ ಬೇಕು.

ಈ ವಿಷಯವೇ ಆಫೀಸಿಗೆ ತಿಳಿಯಬಾರದು ಅನ್ನಿಸಿದರೆ? ಆಗ ಸಾಮಾನ್ಯ ಅನಾರೋಗ್ಯ ರಜೆ ಹಾಕಬಹುದು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಅದು ವರ್ಷಕ್ಕೆ 12 ದಿನ ಮಾತ್ರ, ಉಳಿದದ್ದನ್ನು ಗಳಿಕೆ ರಜೆಯಿಂದ ತುಂಬಬೇಕು. ಗೋಪ್ಯತೆಗೆ ಹೀಗೆ ಬೆಲೆ ತೆರಬೇಕಾಗಿರುವುದು ನನಗೆ ಅನ್ಯಾಯ ಅನ್ನಿಸುತ್ತೆ, ಆದರೆ ಸದ್ಯಕ್ಕೆ ಇರುವ ದಾರಿ ಅದು.

ಸರ್ಟಿಫಿಕೇಟ್ ತಿರಸ್ಕಾರ ಆಗುವುದು ಸಾಮಾನ್ಯವಾಗಿ ಕಾಯಿಲೆಯ ಹೆಸರು ಇಲ್ಲ ಅಂತಲ್ಲ. ವೈದ್ಯರ ನೋಂದಣಿ ಸಂಖ್ಯೆ ಇರಲ್ಲ, ಎಂದಿನಿಂದ ಎಂದಿನವರೆಗೆ ಅನ್ನುವುದು ಇರಲ್ಲ, "ವಿಶ್ರಾಂತಿ ಬೇಕು" ಅಂತಷ್ಟೇ ಇರುತ್ತೆ. ನಿಮ್ಮ ಸಹಿ, ಒಂದು ಗುರುತಿನ ಚಿಹ್ನೆ ಕೂಡ ಅದರಲ್ಲಿ ಇರಬೇಕು, ವೈದ್ಯರು ಒಂದು ಪ್ರತಿ ಇಟ್ಟುಕೊಳ್ಳಬೇಕು ಅನ್ನುವುದು ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಆದ್ದರಿಂದ ಎಚ್‌ಆರ್‌ಗೆ ಅನುಮಾನ ಇದ್ದರೆ "ಇದನ್ನು ನೀವೇ ಕೊಟ್ಟಿದ್ದಾ?" ಅಂತ ಆಸ್ಪತ್ರೆಗೆ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಅದಕ್ಕಿಂತ ಮುಂದೆ ಹೋಗಿ ಏನಾಗಿತ್ತು ಅಂತ ಕೇಳಿದರೆ, ನಿಮ್ಮ ಒಪ್ಪಿಗೆ ಇಲ್ಲದೆ ವೈದ್ಯರು ಹೇಳುವ ಹಾಗಿಲ್ಲ.

ಲೆಟರ್‌ಹೆಡ್ ಕೂಡ ಮಾತಾಡುತ್ತೆ. ಮನೋವೈದ್ಯರ ಸ್ವಂತ ಕ್ಲಿನಿಕ್ ಹೆಸರು ಮೇಲಿದ್ದರೆ ಕೆಳಗೆ ಏನೂ ಬರೆಯದಿದ್ದರೂ ಎಲ್ಲ ಗೊತ್ತಾಗುತ್ತೆ. ಅದೇ ವೈದ್ಯರು ದೊಡ್ಡ ಆಸ್ಪತ್ರೆಯಲ್ಲೂ ನೋಡುತ್ತಿದ್ದರೆ ಅಲ್ಲಿ ತೋರಿಸಿ, ಆ ಆಸ್ಪತ್ರೆಯ ಹಾಳೆಯಲ್ಲಿ ಬರೆಸಿ. ಸಮ್ಮರಿ ಮೇಲೆ ಮೊಬೈಲ್‌ನಲ್ಲಿ ಕಪ್ಪು ಗೆರೆ ಎಳೆದು ಕಳಿಸುವ ಸಾಹಸ ಬೇಡ. ಎಷ್ಟೋ ಸಲ ಅಡಿಯ ಅಕ್ಷರ ಹಾಗೇ ಉಳಿದಿರುತ್ತೆ, ಜೊತೆಗೆ ದಾಖಲೆ ತಿದ್ದಿದ್ದಾರೆ ಅನ್ನುವ ಅನುಮಾನ ಬೇರೆ.

"ಇನ್ಶೂರೆನ್ಸ್ ಕ್ಲೇಮಿಗೆ ಸಮ್ಮರಿ ಬೇಕಲ್ಲಾ" ಅಂತ ಎಚ್‌ಆರ್ ಹೇಳಿದರೆ, ಅದು ಇನ್ಶೂರೆನ್ಸ್ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಗೆ ಬೇಕು, ರಜೆಯ ಫೈಲಿಗಲ್ಲ. ಅವರ ಪೋರ್ಟಲ್‌ನಲ್ಲಿ ನೇರವಾಗಿ ನೀವೇ ಹಾಕಿ. ರಜೆಯ ಸರ್ಟಿಫಿಕೇಟನ್ನು ಎಚ್‌ಆರ್ ಮೇಲ್‌ಗೆ ಮಾತ್ರ ಕಳಿಸಿ. ಟೀಮ್ ಲೀಡ್‌ಗೆ ದಿನಾಂಕ ಗೊತ್ತಾದರೆ ಸಾಕು, ವಾಟ್ಸಾಪ್ ಗ್ರೂಪಿಗೆ ಅದೂ ಬೇಡ.